ಬರೀ ಕೇಳಿಸಿಕೊಂಡರೆ ಸಾಕಾ?

"ಬರೀ ಕೇಳಿಸಿಕೊಳ್ಳೋದಕ್ಕೆ ದುಡ್ಡು ಯಾಕ್ರೀ?" ಕೌನ್ಸೆಲಿಂಗ್ ಅಂದ ಕೂಡಲೇ ನಮ್ಮ ಸಾಫ್ಟ್‌ವೇರ್ ಮಂದಿ ಕೇಳುವ ಪ್ರಶ್ನೆ ಇದು. ಪ್ರಶ್ನೆ ತಪ್ಪೇನಲ್ಲ, ಉತ್ತರ ಮಾತ್ರ ಅಷ್ಟು ಸಲೀಸಲ್ಲ.

ಅಮೆರಿಕದ ಕಾರ್ಲ್ ರೋಜರ್ಸ್ 1957ರಲ್ಲಿ ಒಂದು ದಿಟ್ಟ ಮಾತು ಬರೆದರು. ಥೆರಪಿಸ್ಟ್ ಮುಖವಾಡ ಹಾಕಬಾರದು, ಎದುರಿಗಿರುವವರನ್ನು ಷರತ್ತಿಲ್ಲದೆ ಆದರಿಸಬೇಕು, ಅವರ ಲೋಕವನ್ನು ಅವರ ಕಣ್ಣಿಂದ ನೋಡಬೇಕು, ಹಾಗೆ ನೋಡುತ್ತಿರುವುದು ಅವರಿಗೆ ತಟ್ಟಲೂ ಬೇಕು. ಕಷ್ಟದಲ್ಲಿರುವ ಮನುಷ್ಯ ಬದಲಾಗಲು ಇಂಥ ಸಂಬಂಧವೇ ಸಾಕು, ಬೇರೆ ತಂತ್ರ ಬೇಕಿಲ್ಲ ಅಂದರು. ವ್ಯಕ್ತಿಕೇಂದ್ರಿತ ಥೆರಪಿಯ ತಿರುಳೇ ಇದು.

ಇದನ್ನು ಪರೀಕ್ಷೆ ಮಾಡೋದು ಹೇಗೆ? ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಖಿನ್ನತೆಯಿದ್ದ 510 ಜನರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಈ ಪಂಥದ ಥೆರಪಿ, ಇನ್ನೊಂದಕ್ಕೆ ಯೋಚನಾಕ್ರಮ ತಿದ್ದುವ ಸಿಬಿಟಿ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಳತೆಗೋಲು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9, ಒಟ್ಟು 27 ಅಂಕ. ಅಂಕ ಹೆಚ್ಚಿದ್ದಷ್ಟೂ ಖಿನ್ನತೆ ಹೆಚ್ಚು. "ಸಿಬಿಟಿಗಿಂತ 2 ಅಂಕದಷ್ಟು ಹಿಂದೆ ಬೀಳದಿದ್ದರೆ ಕಡಿಮೆಯೇನಲ್ಲ ಅಂತ ಒಪ್ಪೋಣ" ಎಂದು ಗೆರೆಯನ್ನು ಮೊದಲೇ ಎಳೆದುಕೊಂಡಿದ್ದರು.

ಆರು ತಿಂಗಳಿಗೆ ವ್ಯತ್ಯಾಸ ಬರೀ 0.35, ಅದೂ ವ್ಯಕ್ತಿಕೇಂದ್ರಿತದ ಕಡೆಗೇ. ಅಂದಾಜಿನ ದೋಷ ಸೇರಿಸಿ ಅತಿ ಕೆಟ್ಟ ಲೆಕ್ಕ ಹಿಡಿದರೂ 0.84ರಷ್ಟು ಹಿಂದೆ. ಗೆರೆ ದಾಟಲಿಲ್ಲ, ಪಾಸು! ಹನ್ನೆರಡು ತಿಂಗಳಿಗೆ ಸಿಬಿಟಿ 1.73 ಅಂಕ ಮುಂದಿತ್ತು. ಅಂದಾಜಿನ ವ್ಯಾಪ್ತಿ 0.26ರಿಂದ 3.19. ಅಂದರೆ ಅಂತರ 2ನ್ನು ದಾಟಿರಲೂಬಹುದು. ಆ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕವರೂ ಕಡಿಮೆ, ಹಾಗಾಗಿ ಅದು ಕೊನೆಯ ತೀರ್ಪಲ್ಲ.

ನನ್ನ ತಕರಾರು ಇರುವುದು ಎರಡೂ ಕಡೆಯವರ ಮೇಲೆ. ಒಬ್ಬರು ಆರನೇ ತಿಂಗಳನ್ನಷ್ಟೇ ಹೇಳಿ "ರೋಜರ್ಸ್ ಗೆದ್ದರು" ಅಂತಾರೆ, ಇನ್ನೊಬ್ಬರು ಹನ್ನೆರಡನೆಯದನ್ನಷ್ಟೇ ಹಿಡಿದು "ಸೋತರು" ಅಂತಾರೆ. ರೋಜರ್ಸ್ ಹೇಳಿದ್ದನ್ನು ಈ ಪ್ರಯೋಗ ಪರೀಕ್ಷಿಸಿಯೇ ಇಲ್ಲವಲ್ಲ! ಒಳ್ಳೆಯ ಸಿಬಿಟಿ ಥೆರಪಿಸ್ಟೂ ಸಹಾನುಭೂತಿಯಿಂದಲೇ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಹೋಲಿಸಿದ್ದು ಎರಡು ಇಡೀ ಪ್ಯಾಕೇಜುಗಳನ್ನು, ಸಹಾನುಭೂತಿ ಇದೆ-ಇಲ್ಲ ಅನ್ನುವುದನ್ನಲ್ಲ. ಚಿಕಿತ್ಸೆಯೇ ಇಲ್ಲದ ಮೂರನೇ ಗುಂಪೂ ಇರಲಿಲ್ಲ. ತಾವಾಗಿಯೇ ಚೇತರಿಸಿಕೊಂಡವರೆಷ್ಟು ಅಂತ ಇದರಿಂದ ತಿಳಿಯೋದಿಲ್ಲ.

ನನ್ನ ಮಟ್ಟಿಗೆ, "ಬರೀ ಕೇಳಿಸಿಕೊಳ್ಳೋದು" ಅನ್ನುವ ಕುಹಕಕ್ಕೆ ಆರನೇ ತಿಂಗಳ ಅಂಕ ಸಾಕಷ್ಟು ಉತ್ತರ. "ಅದೊಂದೇ ಸಾಕು" ಅನ್ನುವುದಕ್ಕೆ ಮಾತ್ರ ಇನ್ನೂ ಪುರಾವೆ ಸಾಲದು. ನೀವೇನಂತೀರಿ?