ಕಟ್ಟಡ ಪರವಾನಗಿ ನಕ್ಷೆಗಳ ಹಾಳೆ, ಸ್ಕೇಲು ಮತ್ತು ಷರಾಗಳ ಬಗ್ಗೆ ಮನವಿ ಪತ್ರ

ಇವರಿಗೆ,
ಮಾನ್ಯ ಪೌರಾಯುಕ್ತರು,
ನಗರಸಭೆ ಕಾರ್ಯಾಲಯ.

ಇವರಿಂದ,
ನಗರಸಭಾ ವ್ಯಾಪ್ತಿಯಲ್ಲಿ ನಕ್ಷೆ ತಯಾರಿಸುವ ಇಂಜಿನಿಯರುಗಳು, ನಕ್ಷೆಗಾರರು ಹಾಗೂ ಮನೆ ಕಟ್ಟಲು ಪರವಾನಗಿ ಕೋರಿರುವ ಅರ್ಜಿದಾರರು.

ವಿಷಯ: ವಾಸದ ಮನೆಗಳ ನಕ್ಷೆ ಸಲ್ಲಿಕೆಗೆ ಒಂದೇ ಲಿಖಿತ ಕ್ರಮ ಗೊತ್ತುಪಡಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಮ್ಮ ಕಡತಗಳು ವಾಪಸಾಗುತ್ತಿರುವುದು ಹೆಚ್ಚಾಗಿ ಮನೆಯ ವಿನ್ಯಾಸದಲ್ಲಿ ತಪ್ಪಿದೆ ಎಂದಲ್ಲ. ಹಾಳೆ ಚಿಕ್ಕದಾಯಿತು, ಸ್ಕೇಲು ಸರಿಯಿಲ್ಲ, ಷರಾ ಬಿಟ್ಟಿದೆ ಎಂಬ ಕಾರಣಗಳಿಗೆ. ಯಾವ ಹಾಳೆ, ಯಾವ ಸ್ಕೇಲು, ಯಾವ ಷರಾ ಎಂಬುದು ಮಾತ್ರ ಕಚೇರಿಯಲ್ಲಿ ಎಲ್ಲೂ ಬರಹದಲ್ಲಿಲ್ಲ. ಕೌಂಟರಿನಲ್ಲಿ ಕೂತವರು ಬದಲಾದ ಹಾಗೆ ಕ್ರಮವೂ ಬದಲಾಗುತ್ತದೆ.

ಒಂದು ಕಡತದ ವಿಚಾರ ತೆಗೆದುಕೊಳ್ಳೋಣ. 30x40 ಸೈಟು, ಮೀಟರಿನಲ್ಲಿ 9.14 x 12.19. ನೆಲಮಹಡಿ ಮತ್ತು ಮೊದಲ ಮಹಡಿ. ನಕ್ಷೆಯನ್ನು ಎ2 ಹಾಳೆಗೆ 1:100 ಸ್ಕೇಲಿನಲ್ಲಿ ಬರೆದು ಸಲ್ಲಿಸಲಾಗಿತ್ತು. ಬಲಬದಿಯ ಸೆಟ್‌ಬ್ಯಾಕ್ 1.00 ಮೀಟರ್ ಎಂದು ಅಂಕಿಯಲ್ಲೂ ಬರೆದಿತ್ತು. ಆಕ್ಷೇಪಣೆ ಬಂದದ್ದು ಹೀಗೆ: ಸೆಟ್‌ಬ್ಯಾಕ್ 0.70 ಮೀಟರ್ ಮಾತ್ರ ಇದೆ, ನಕ್ಷೆ ಸರಿಪಡಿಸಿ. ಪರಿಶೀಲನೆಗೆ ಬಳಸಿದ ಪ್ರತಿಯನ್ನು ನೋಡಿದರೆ ಅದು ಎ3 ಹಾಳೆ. ಎ2ಗೆ ಬರೆದದ್ದನ್ನು ಕಚೇರಿಯ ಪ್ರಿಂಟರಿನಲ್ಲಿ “Fit” ಆಯ್ಕೆ ಇಟ್ಟು ಎ3ಗೆ ತೆಗೆದಿದ್ದಾರೆ. ಆಗ ಪ್ರತಿ ಗೆರೆಯೂ ಸುಮಾರು 0.707 ಪಟ್ಟಿಗೆ ಕುಗ್ಗುತ್ತದೆ. ಕಾಗದದ ಮೇಲೆ 10 ಮಿಲಿಮೀಟರ್ ಇರಬೇಕಾದ ಸೆಟ್‌ಬ್ಯಾಕ್ 7 ಮಿಲಿಮೀಟರಿಗೆ ಇಳಿಯುತ್ತದೆ. ಸ್ಕೇಲ್ ಪಟ್ಟಿ ಇಟ್ಟವರಿಗೆ ಅದು 0.70 ಮೀಟರ್ ಎಂದೇ ಕಾಣುತ್ತದೆ; ಅವರ ಅಳತೆಯಲ್ಲಿ ತಪ್ಪಿಲ್ಲ, ಅಳೆದ ಕಾಗದವೇ ಬೇರೆ. ಅದೇ ಪಟ್ಟಿಯನ್ನು ಸೈಟಿನ ಅಗಲದ ಮೇಲೆ ಇಟ್ಟಿದ್ದರೆ 9.14ರ ಬದಲು 6.46 ಬರುತ್ತಿತ್ತು, ಇಡೀ ಹಾಳೆಯೇ ಕುಗ್ಗಿದೆ ಎಂಬುದು ಅಲ್ಲೇ ತಿಳಿಯುತ್ತಿತ್ತು.

ಇಷ್ಟು ದೊಡ್ಡ ವ್ಯತ್ಯಾಸವಾದರೆ ಯಾರಾದರೂ ಹಿಡಿದಾರು. ಆದರೆ ಎ3ಗೆಂದೇ ಬರೆದ ನಕ್ಷೆಯನ್ನು ಎ3ಗೇ ತೆಗೆದರೂ, “Fit” ಇದ್ದರೆ ಅಂಚಿಗೆ ಜಾಗ ಬಿಡಲು ಪ್ರಿಂಟರು ಒಂದಿಷ್ಟು ಕುಗ್ಗಿಸುತ್ತದೆ. ಶೇಕಡಾ 4ರಷ್ಟು ಕುಗ್ಗಿದರೆ 1.00 ಮೀಟರ್ 0.96 ಆಗಿ ಕಾಣುತ್ತದೆ. ಅದನ್ನು ಪ್ರಿಂಟರಿನ ದೋಷ ಎಂದು ಯಾರೂ ಊಹಿಸುವುದಿಲ್ಲ, ಅರ್ಜಿದಾರ ನಾಲ್ಕು ಸೆಂಟಿಮೀಟರ್ ಕದ್ದ ಎಂದೇ ಲೆಕ್ಕ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇದು. ಪ್ರತಿ ಹಾಳೆಯ ಬಲ ಕೆಳಮೂಲೆಯ ಶೀರ್ಷಿಕೆ ಚೌಕದಲ್ಲಿ ಸ್ಕೇಲಿನ ಜೊತೆಗೆ ಮೂಲ ಹಾಳೆಯ ಅಳತೆಯನ್ನೂ, ಅಂದರೆ “1:100, ಎ2” ಎಂದು, ಬರೆಯುವುದನ್ನು ಕಡ್ಡಾಯ ಮಾಡಬೇಕು. ಪಕ್ಕದಲ್ಲಿ 0ಯಿಂದ 5 ಮೀಟರ್‌ವರೆಗಿನ ಗೆರೆಸ್ಕೇಲನ್ನು ಎಳೆದಿರಬೇಕು. ಹಾಳೆ ಕುಗ್ಗಿದರೆ ಅದೂ ಅಷ್ಟೇ ಕುಗ್ಗುವುದರಿಂದ ಅಳೆಯುವವರಿಗೆ ದಾರಿ ತಪ್ಪುವುದಿಲ್ಲ. ಕಚೇರಿಯಲ್ಲಿ ಪ್ರತಿ ತೆಗೆಯುವಾಗ “Actual size” ಆಯ್ಕೆಯನ್ನೇ ಬಳಸಬೇಕು. ಬರೆದ ಅಂಕಿಗೂ ಪಟ್ಟಿಯ ಅಳತೆಗೂ ತಾಳೆಯಾಗದಿದ್ದರೆ, ಮೊದಲು ಸೈಟಿನ ಅಗಲವನ್ನು ಅಳೆದು ನೋಡಿ, ಆಮೇಲೆ ಆಕ್ಷೇಪಣೆ ಬರೆಯಬೇಕು.

ಸ್ಕೇಲು ಯಾವುದಿರಬೇಕು ಎಂಬುದು ಇನ್ನೊಂದು ತಕರಾರು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 250 ಚದರ ಮೀಟರ್‌ವರೆಗಿನ ನಿವೇಶನಕ್ಕೆ ಕಟ್ಟಡದ ನಕ್ಷೆ 1:50, ಅದರ ಮೇಲೆ 2500 ಚದರ ಮೀಟರ್‌ವರೆಗೆ 1:100. ನಮ್ಮ 30x40 ಸೈಟು ಸುಮಾರು 111 ಚದರ ಮೀಟರ್, ಆ ಲೆಕ್ಕದಲ್ಲಿ 1:50. ಆದರೆ ಕೌಂಟರಿನಲ್ಲಿ ಎಲ್ಲವೂ ಒಂದೇ ಎ2 ಹಾಳೆಯಲ್ಲಿರಲಿ ಎನ್ನುತ್ತಾರೆ. 1:50ರಲ್ಲಿ ಈ ಸೈಟಿನ ಒಂದು ಮಹಡಿಗೇ 183 x 244 ಮಿಲಿಮೀಟರ್ ಜಾಗ ಬೇಕು. 420 x 594ರ ಎ2 ಹಾಳೆಯಲ್ಲಿ ಎರಡು ಮಹಡಿ ಇಟ್ಟು, ಅಳತೆಗೆರೆ, ವಿಸ್ತೀರ್ಣದ ಪಟ್ಟಿ, ಶೀರ್ಷಿಕೆ ಚೌಕ ಬರೆದ ಮೇಲೆ ಸೆಕ್ಷನ್, ಎಲಿವೇಶನ್, ಸೈಟ್ ಪ್ಲಾನುಗಳಿಗೆ ಸ್ಥಳ ಉಳಿಯುವುದಿಲ್ಲ. ಹೀಗಾಗಿ ನಾವು 1:100ಕ್ಕೆ ಇಳಿಯುತ್ತೇವೆ. ಆಗ 150 ಮಿಲಿಮೀಟರಿನ ಮೆಟ್ಟಿಲು ಕಾಗದದ ಮೇಲೆ ಒಂದೂವರೆ ಮಿಲಿಮೀಟರ್. ಮೆಟ್ಟಿಲಿನ ತಲೆಯ ಮೇಲಿನ ಎತ್ತರ ಸಾಕೇ ಎಂದು ಅದರಲ್ಲಿ ಯಾರು ಓದಿಯಾರು? ಮುಂದಿನ ಆಕ್ಷೇಪಣೆ ಅದೇ ಮೆಟ್ಟಿಲ ಮೇಲೆ ಬರುತ್ತದೆ.

ಒಂದು ಎ1 ಅಥವಾ ಎರಡು ಎ2 ಹಾಳೆಗಳಲ್ಲಿ 1:50ರ ನಕ್ಷೆ ಸಲ್ಲಿಸಲು ಅವಕಾಶ ಕೊಡಿ. ಹಾಳೆ 1/2, 2/2 ಎಂದು ನಾವು ಗುರುತು ಹಾಕುತ್ತೇವೆ. ನಗರಸಭೆಗೆ ಅನ್ವಯಿಸುವ ಉಪವಿಧಿಯಲ್ಲಿ ಬೇರೆ ಸ್ಕೇಲು ಹೇಳಿದ್ದರೆ ಅದೇ ಇರಲಿ, ನಮ್ಮದೇನೂ ಹಟವಿಲ್ಲ. ಸೂಚನಾ ಫಲಕದಲ್ಲಿ ಬರೆದು ಹಾಕಿದರೆ ಸಾಕು. ಸೆಕ್ಷನ್ನುಗಳಲ್ಲಿ ಒಂದಾದರೂ ಮೆಟ್ಟಿಲನ್ನು ಹಾಯ್ದು ಹೋಗಿರಬೇಕು ಎಂಬ ಸಂಹಿತೆಯ ಮಾತನ್ನೂ ಆ ಫಲಕದಲ್ಲಿ ಸೇರಿಸಬೇಕೆಂದು ಕೋರುತ್ತೇವೆ. ಕೆಲವರು ಸುಲಭವೆಂದು ಖಾಲಿ ಹಾಲಿನ ಮಧ್ಯೆ ಸೆಕ್ಷನ್ ಕಡಿಯುತ್ತಾರೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬಣ್ಣದ ವಿಚಾರ ಚಿಕ್ಕದು. ಹೊಸ ಕೆಲಸಕ್ಕೆ ಕೆಂಪು, ಕೆಡವುವ ಭಾಗಕ್ಕೆ ಹಳದಿ ಅಡ್ಡಗೆರೆ ಎಂಬ ರೂಢಿ ಸರಿಯೇ. ಕಡತಕ್ಕೆ ಕಪ್ಪುಬಿಳುಪು ಜೆರಾಕ್ಸ್ ಸೇರಿದಾಗ ಎರಡೂ ಒಂದೇ ಬೂದಿ ಬಣ್ಣ. ಬಣ್ಣದ ಜೊತೆಗೆ “ಕೆಡವುವುದು”, “ಹೊಸದು” ಎಂದು ಅಕ್ಷರದಲ್ಲೂ ಬರೆದಿರಬೇಕೆಂದು ಗೊತ್ತುಪಡಿಸಿ.

ಸೈಟ್ ಪ್ಲಾನಿನ ಷರಾಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಕ್ರಯಪತ್ರದ ಅಳತೆ ಅಡಿಯಲ್ಲಿ, ನಕ್ಷೆಯದು ಮೀಟರಿನಲ್ಲಿ. 30 ಅಡಿಯನ್ನು ಒಬ್ಬರು 9.14 ಎನ್ನುತ್ತಾರೆ, ಇನ್ನೊಬ್ಬರು 9.15, ಮತ್ತೊಬ್ಬರು 9.10. ಖಾತೆಗೂ ನಕ್ಷೆಗೂ ಒಂದು ಸೆಂಟಿಮೀಟರ್ ಹೊಂದಲಿಲ್ಲವೆಂದು ಕಡತ ನಿಲ್ಲುತ್ತದೆ. ಒಂದು ಅಡಿಗೆ 0.3048 ಮೀಟರ್ ಹಿಡಿದು, ಎರಡು ದಶಾಂಶಕ್ಕೆ ಸರಿಪಡಿಸಿ ಬರೆಯಬೇಕು ಎಂದು ಒಮ್ಮೆ ಆದೇಶಿಸಿದರೆ ಈ ರಗಳೆ ಮುಗಿಯುತ್ತದೆ. ಮೂಲೆ ಸೈಟು, ಹಳೇ ಊರಿನ ಸೈಟುಗಳದು ಬೇರೆ ಕಥೆ. ಮುಂದೆ 9.14, ಹಿಂದೆ 8.60, ಪಕ್ಕಗಳು 12.19 ಮತ್ತು 12.30 ಎಂದು ನಾಲ್ಕೂ ಬದಿ ಕೊಟ್ಟ ಮಾತ್ರಕ್ಕೆ ಸೈಟಿನ ಆಕಾರ ಗೊತ್ತಾಗುವುದಿಲ್ಲ. ಅದೇ ನಾಲ್ಕು ಅಳತೆಗೆ ಸೈಟು ಎಡಕ್ಕೂ ವಾಲಬಹುದು, ಬಲಕ್ಕೂ ವಾಲಬಹುದು. ಮೂಲೆಯಿಂದ ಮೂಲೆಗೆ ಒಂದು ಕರ್ಣದ ಅಳತೆ ಬೇಕೇ ಬೇಕು. ಅದಿಲ್ಲದೆ ಸೆಟ್‌ಬ್ಯಾಕ್ ಎಲ್ಲಿ ಕಡಿಮೆಯಾಗುತ್ತದೆ ಎಂಬುದು ಪಾಯ ತೋಡಿದ ದಿನವೇ ಗೊತ್ತಾಗುವುದು. ಇಂಥ ಸೈಟುಗಳಿಗೆ ಕರ್ಣವನ್ನೂ, ಸೆಟ್‌ಬ್ಯಾಕ್ ಅತಿ ಕಡಿಮೆ ಇರುವ ಬಿಂದುವನ್ನೂ ಗುರುತಿಸುವುದನ್ನು ಕಡ್ಡಾಯ ಮಾಡಿ. ಇದರಿಂದ ನಮಗೆ ಕೆಲಸ ಹೆಚ್ಚುತ್ತದೆ ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇವೆ. ನಕ್ಷೆಯ ಉತ್ತರ ದಿಕ್ಕಿನ ಬಾಣ ಕ್ರಯಪತ್ರದ ಚಕ್ಕುಬಂದಿಗೆ ಹೊಂದುತ್ತದೆಯೇ ಎಂಬುದನ್ನು ಕಡತ ಸ್ವೀಕರಿಸುವಾಗಲೇ ನೋಡಿ ಹೇಳಿಬಿಡಬೇಕು.

ಕೊನೆಯದಾಗಿ, ಆಕ್ಷೇಪಣೆಗಳನ್ನು ಒಂದೇ ಬಾರಿಗೆ, ಲಿಖಿತ ಹಿಂಬರಹದಲ್ಲಿ, ಹಾಳೆ ಸಂಖ್ಯೆ ಸಹಿತ ಕೊಡಬೇಕು. ಇವತ್ತು ಸೆಟ್‌ಬ್ಯಾಕ್, ಅದು ಸರಿಯಾದ ಮೇಲೆ ಸಂಪು, ಅದೂ ಮುಗಿದ ಮೇಲೆ ಮಳೆನೀರು ಕೊಯ್ಲಿನ ಗುಂಡಿ ಎಂದು ಕಂತಿನಲ್ಲಿ ಬಂದರೆ, ಪ್ರತಿ ಸಲವೂ ಹೊಸ ಪ್ರಿಂಟು, ಹೊಸ ಸಹಿ. ತಿದ್ದಿದ ನಕ್ಷೆಯಲ್ಲಿ ಬದಲಾದ ಜಾಗಕ್ಕೆ ಸುತ್ತು ಹಾಕಿ, ತಿದ್ದುಪಡಿ ಸಂಖ್ಯೆ ಮತ್ತು ದಿನಾಂಕ ಬರೆದು ಕೊಡಲು ನಾವು ಸಿದ್ಧ. ಮರುಪರಿಶೀಲನೆ ಆ ಸುತ್ತಿನೊಳಗಿನ ವಿಷಯಕ್ಕೆ ಸೀಮಿತವಾಗಿರಲಿ.

ಮೇಲಿನ ಅಂಶಗಳ ಮೇಲೆ ತಾವು ಸಹಾಯಕ ಅಭಿಯಂತರರು ಹಾಗೂ ವಿಷಯ ನಿರ್ವಾಹಕರ ಜೊತೆ ನಮ್ಮನ್ನು ಒಂದು ಸಭೆಗೆ ಕರೆಯಬೇಕು, ತೀರ್ಮಾನವಾದ ಕ್ರಮವನ್ನು ಸುತ್ತೋಲೆಯಾಗಿ ಹೊರಡಿಸಬೇಕು, ಈ ಮನವಿಗೆ ಸ್ವೀಕೃತಿ ನೀಡಬೇಕು ಎಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ಅರ್ಜಿದಾರರ ಸಹಿಗಳು)

ಲಗತ್ತು: 30x40 ಸೈಟಿನ ಮಾದರಿ ನಕ್ಷೆ, ಎ2 ಹಾಳೆಯಲ್ಲಿ ಸರಿ ಅಳತೆಗೆ ತೆಗೆದದ್ದು ಒಂದು ಪ್ರತಿ, ಅದನ್ನೇ ಎ3ಗೆ ಕುಗ್ಗಿಸಿ ತೆಗೆದದ್ದು ಒಂದು ಪ್ರತಿ.