ಹೊರಗೆ ಹಸಿರು, ಒಳಗೆ ಕೆಂಪು

ಶುಕ್ರವಾರ ಸಂಜೆ ನಾಲ್ಕಾದರೆ ಮಂಗಳೂರಿನ ಎಷ್ಟೋ ಐಟಿ ಆಫೀಸುಗಳಲ್ಲಿ ಬಣ್ಣ ಬಳಿಯುವ ಕೆಲಸ ಶುರು. ಕ್ಲೈಂಟಿಗೆ ವಾರದ ಸ್ಟೇಟಸ್ ರಿಪೋರ್ಟ್ ಹೋಗಬೇಕಲ್ಲ! "ಕೆಂಪು ಹಾಕ್ಬೇಡಿ ಮಾರಾಯ್ರೆ, ಸುಮ್ಮನೆ ಎಸ್ಕಲೇಶನ್ ಬರ್ತದೆ. ಈ ವಾರ ಹಸಿರೇ ಇರಲಿ, ಮತ್ತೆ ನೋಡುವ." ನಾನೂ ಹೀಗೆ ಕೇಳಿಸಿಕೊಂಡು ಬಣ್ಣ ಬದಲಿಸಿದವನೇ. ಇಂಥ ರಿಪೋರ್ಟಿಗೆ ಬಚ್ಚಂಗಾಯಿ ಅಂತಲೇ ಹೆಸರು. ಹೊರಗೆ ಹಸಿರು, ಕೊಯ್ದರೆ ಕೆಂಪು.

ನನ್ನ ತಕರಾರು ಇಷ್ಟೇ: ಬಣ್ಣ ಮ್ಯಾನೇಜರರ ಮನಸ್ಥಿತಿಯಲ್ಲ, ಲೆಕ್ಕದ ಉತ್ತರ. ಆ ಲೆಕ್ಕದ ನಿಯಮವನ್ನು ಕೆಲಸ ಶುರುವಾಗುವ ಮೊದಲೇ ಕ್ಲೈಂಟಿನೊಂದಿಗೆ ಕೂತು ಬರೆದಿಡಬೇಕು.

ಒಂದು ಉದಾಹರಣೆ ನೋಡಿ. 40 ಸ್ಕ್ರೀನ್ ಮಾಡಬೇಕು. ಅದಕ್ಕೆ 10 ವಾರ, ಮೇಲೆ 2 ವಾರ ಮೀಸಲು. ಮೀಸಲು ಮುಟ್ಟದೆ ಮುಗಿಯುವಂತಿದ್ದರೆ ಹಸಿರು. ಮೀಸಲಿಗೆ ಕೈ ಹಾಕಬೇಕಾದರೆ ಆ್ಯಂಬರ್. ಮೀಸಲೂ ಸಾಲದಿದ್ದರೆ ಕೆಂಪು. ನಾಲ್ಕನೇ ವಾರದ ಕೊನೆಗೆ 16 ಆಗಬೇಕಿತ್ತು, ಆದದ್ದು 14. ಅಂದರೆ ವಾರಕ್ಕೆ ಮೂರೂವರೆ. ಉಳಿದ 26ಕ್ಕೆ ಇದೇ ವೇಗದಲ್ಲಿ ಸುಮಾರು ಏಳೂವರೆ ವಾರ ಬೇಕು, ಕೈಯಲ್ಲಿರುವುದು ಆರು. ಆದ್ದರಿಂದ ಆ್ಯಂಬರ್. ಆರನೇ ವಾರಕ್ಕೆ 18 ಮಾತ್ರ ಆಗಿದ್ದರೆ ವೇಗ ಮೂರಕ್ಕೆ ಇಳಿಯಿತು. ಉಳಿದ 22ಕ್ಕೆ ಏಳು ವಾರಕ್ಕೂ ಹೆಚ್ಚು ಬೇಕು, ಮೀಸಲು ಸೇರಿಸಿದರೂ ಇರುವುದು ಆರೇ. ಇದು ಕೆಂಪು. ಇಲ್ಲಿ ಚರ್ಚೆಗೆ ಎಂತ ಉಂಟು?

ಮೋಸ ನಡೆಯುವುದು "ಆದದ್ದು" ಎಂಬ ಪದದಲ್ಲಿ. ಡೆವಲಪರ್ "ನಂದು ಮುಗೀತು" ಅಂದದ್ದನ್ನೂ ಸೇರಿಸಿದರೆ 18 ಇದ್ದದ್ದು 24 ಆಗಿ, ಕೆಂಪು ರಾತ್ರೋರಾತ್ರಿ ಹಸಿರಾಗುತ್ತದೆ. ಕ್ಲೈಂಟಿನ ಟೆಸ್ಟರ್ ಒಪ್ಪಿದ್ದು ಮಾತ್ರ ಲೆಕ್ಕಕ್ಕೆ ಬರಬೇಕು.

ಇನ್ನು ಕೆಲವರಿಗೆ ಆ್ಯಂಬರ್ ಅಂದರೆ ಅಡಗಿ ಕೂರುವ ಜಾಗ. ಎಂಟು ವಾರ ಆ್ಯಂಬರ್ ಹಾಕಿದರೆ ಅದಕ್ಕೆ ಅರ್ಥವೇ ಇಲ್ಲ. ಯಾವ ತಾರೀಕಿಗೆ ಹಸಿರಿಗೆ ಮರಳುತ್ತೇವೆ, ಯಾರು ಏನು ಮಾಡುತ್ತಾರೆ ಎಂಬುದು ಪಕ್ಕದಲ್ಲೇ ಇರಬೇಕು. ಆ ತಾರೀಕು ತಪ್ಪಿದರೆ ಕೆಂಪು. ಕೆಂಪಿನ ಪಕ್ಕದಲ್ಲಿ ಕ್ಲೈಂಟಿನಿಂದ ಏನು ಬೇಕು ಅಂತ ಬರೆಯಿರಿ: 6 ಸ್ಕ್ರೀನ್ ಮುಂದಿನ ಹಂತಕ್ಕೆ ಹಾಕಬಹುದೇ, ಬುಧವಾರದೊಳಗೆ ತಿಳಿಸಿ. ಆಗ ಅದು ತಪ್ಪೊಪ್ಪಿಗೆಯಲ್ಲ, ಕೇಳಿಕೆ.

ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ, ನಿಜ. ಮೊದಲ ಎರಡು ವಾರದ ವೇಗ ನಂಬುವಂಥದ್ದಲ್ಲ. ಕ್ಲೈಂಟ್ ಕೊಡಬೇಕಾದ ಡೇಟಾ ಬಾರದಿದ್ದರೆ ಲೆಕ್ಕ ಸರಿಯಿದ್ದರೂ ಆ್ಯಂಬರ್ ಹಾಕಬೇಕಾದೀತು. ಹಾಕಿ, ಆದರೆ ಕಾರಣ ಒಂದು ಸಾಲಿನಲ್ಲಿರಲಿ. ಲೆಕ್ಕಕ್ಕಿಂತ ಕೆಟ್ಟ ಬಣ್ಣಕ್ಕೆ ಇಳಿಸಲು ಕಾರಣ ಸಾಕು. ಒಳ್ಳೆಯ ಬಣ್ಣಕ್ಕೆ ಏರಿಸಲು ಯಾರಿಗೂ ಅಧಿಕಾರ ಬೇಡ.

ಪಂಪ್‌ವೆಲ್ ಫ್ಲೈಓವರ್ ಗಡುವಿನ ಮೇಲೆ ಗಡುವು ದಾಟಿ 2020ರ ಜನವರಿ 31ಕ್ಕೆ ತೆರೆಯಿತು. ತಡವಾದದ್ದನ್ನು ಊರು ಹೇಗೋ ಸಹಿಸಿತು. ಪ್ರತಿ ಹೊಸ ತಾರೀಕಿಗೂ ನಕ್ಕಿತು. ಅದನ್ನು ಟ್ರೋಲ್ ಮಾಡಿದ ನಾವೇ ಶುಕ್ರವಾರ ಸಂಜೆ ಇನ್ನೊಂದು ಪಂಪ್‌ವೆಲ್ಲಿಗೆ ಹಸಿರು ಬಳಿಯುತ್ತೇವಲ್ಲ!