ಯಾವ ವರ್ಷದ ನೆರೆ, ಯಾವ ಊರಿನ ನೀರು?

‘ಉಕ್ಕಿ ಹರಿದ ಕಪಿಲೆ: ಜನಜೀವನ ಅಸ್ತವ್ಯಸ್ತ.’ ಈ ಶೀರ್ಷಿಕೆ ಯಾವ ವರ್ಷದ್ದು, ಹೇಳಿ ನೋಡೋಣ? 2018ಕ್ಕೂ ಸರಿ, 2019ಕ್ಕೂ ಸರಿ, 2024ಕ್ಕೂ ಸರಿ. ಮೂರೂ ವರ್ಷ ನಂಜನಗೂಡಿಗೆ ನೆರೆ ಬಂದಿತ್ತು. ಮೂರಕ್ಕೂ ಹೊಂದುವ ಶೀರ್ಷಿಕೆ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ ಅನ್ನೋದು ನಮ್ಮ ವಾದ.

ಮೊದಲು ‘ಏನಾಯಿತು’ ಅನ್ನೋದನ್ನ ನೋಡೋಣ. ಕಪಿಲೆ ಸ್ವಲ್ಪ ಏರಿದರೆ ಸ್ನಾನಘಟ್ಟದ ಹದಿನಾರು ಕಾಲು ಮಂಟಪಕ್ಕೆ ನೀರು ಸುತ್ತಿಕೊಳ್ಳುತ್ತದೆ. ಇನ್ನೂ ಏರಿದರೆ ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ಊಟಿ ರಸ್ತೆಗೇ ನೀರು ಬರುತ್ತದೆ. ಮೊದಲನೆಯದಾದರೆ ಭಕ್ತರು ನದಿಗೆ ಇಳಿಯಬಾರದು, ಅಷ್ಟೇ. ಎರಡನೆಯದಾದರೆ ಬಸ್ಸು, ಆಂಬುಲೆನ್ಸ್ ಎಲ್ಲ ಬೇರೆ ದಾರಿ ಹಿಡಿಯಬೇಕು. ಎರಡಕ್ಕೂ ‘ನಂಜನಗೂಡು ಜಲಾವೃತ’ ಅಂತಲೇ ಬರೆದರೆ, ಹೊರಡಬೇಕೋ ಬೇಡವೋ ಅಂತ ಓದುಗ ಹೇಗೆ ತೀರ್ಮಾನಿಸಬೇಕು?

‘ಎಲ್ಲಿ’ ಅನ್ನೋದು ಇನ್ನೂ ಸೂಕ್ಷ್ಮ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡು ದಾಟಿ ತಿ.ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯಲ್ಲಿ ಕೆ.ಆರ್.ಎಸ್.ನಿಂದ ಬಿಟ್ಟ ನೀರೂ ಇರುತ್ತದೆ. ಹಾಗಾಗಿ ಕಬಿನಿಯ ಹೊರಹರಿವು ಒಂದನ್ನೇ ಹೇಳಿದರೆ ನಂಜನಗೂಡಿನವರಿಗೆ ಅಂದಾಜು ಸಿಗಬಹುದು, ನರಸೀಪುರದವರಿಗೆ ಅರ್ಧ ಮಾತ್ರ ಸಿಗುತ್ತದೆ. ‘ನದಿಪಾತ್ರದಲ್ಲಿ’ ಅಂತ ಬರೆಯುವ ಬದಲು ಊರು, ಸೇತುವೆ, ರಸ್ತೆಯ ಹೆಸರು ಹಾಕಬೇಕು.

‘ಯಾವಾಗ’ ಅನ್ನೋ ಕಡೆ ‘ನಿನ್ನೆ’ ಸಾಲದು. ವರದಿ ಕೈಗೆ ಸಿಕ್ಕ ದಿನ ಓದುಗನ ನಿನ್ನೆ ಬೇರೆಯೇ ಆಗಿರುತ್ತದೆ. ಅಣೆಕಟ್ಟೆಯಿಂದ ನೀರು ಬಿಟ್ಟ ಹೊತ್ತು ಬೇರೆ, ರಸ್ತೆ ಮುಚ್ಚಿದ ಹೊತ್ತು ಬೇರೆ. ಶೀರ್ಷಿಕೆಯಲ್ಲಿರುವ ಘಟನೆಯ ಹೊತ್ತೇ ಮೊದಲ ವಾಕ್ಯದಲ್ಲಿ ಇರಬೇಕು.

ಒಂದು ಕಲ್ಪಿತ ಉದಾಹರಣೆ ಮಾಡಿ ನೋಡೋಣ. ಶೀರ್ಷಿಕೆ: ‘ಮಲ್ಲನಮೂಲೆ ಬಳಿ ರಸ್ತೆಗೆ ನೀರು: ಮೈಸೂರು–ನಂಜನಗೂಡು ಸಂಚಾರ ಸ್ಥಗಿತ.’ ಮೊದಲ ವಾಕ್ಯ: ‘ಕಪಿಲಾ ನದಿ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಮೈಸೂರು–ಊಟಿ ರಸ್ತೆಯ ಮೇಲೆ ನೀರು ಹರಿದಿದ್ದರಿಂದ, ಆಗಸ್ಟ್ 3ರ ಶನಿವಾರ ಬೆಳಗ್ಗೆ 6 ಗಂಟೆಗೆ ವಾಹನ ಸಂಚಾರ ನಿಲ್ಲಿಸಲಾಯಿತು.’ ಎಷ್ಟು ಕ್ಯೂಸೆಕ್, ಯಾರು ಭೇಟಿ ಕೊಟ್ಟರು, ಇವೆಲ್ಲ ಎರಡನೇ ವಾಕ್ಯದಿಂದ ಬರಲಿ. ಶೀರ್ಷಿಕೆಯಲ್ಲಿ ತಾರೀಖಿಗೆ ಜಾಗ ಇಲ್ಲದಿದ್ದರೆ ಪರವಾಗಿಲ್ಲ, ವಾಕ್ಯದಲ್ಲಂತೂ ಇರಲೇಬೇಕು. ಕಡತಕ್ಕೆ ಹೋಗುವ ವರದಿಯಾದರೆ ಇಸವಿಯನ್ನೂ ಸೇರಿಸಬೇಕು.

ಕೈಮರ, ಬದನವಾಳು ಅಂತ ಊರಿನ ಹೆಸರು ಬದಲಿಸಿ ಓದಿ, ಇಸವಿ ಬದಲಿಸಿ ಓದಿ. ಆಗಲೂ ನಿಮ್ಮ ಶೀರ್ಷಿಕೆ, ಮೊದಲ ವಾಕ್ಯ ಹಾಗೇ ಒಪ್ಪಿದರೆ ವರದಿ ಇನ್ನೂ ಶುರುವಾಗಿಲ್ಲ ಅಂತಲೇ ಅರ್ಥ. ಮುಂದೆ ಆ ರಸ್ತೆಯನ್ನು ಎಷ್ಟು ಎತ್ತರಿಸಬೇಕು ಅಂತ ಲೆಕ್ಕ ಹಾಕೋ ಸಿವಿಲ್ ಎಂಜಿನಿಯರ್ ಹುಡುಕೋದು ‘ಅಸ್ತವ್ಯಸ್ತ’ವನ್ನಲ್ಲ; ನೀರು ಯಾವ ಜಾಗಕ್ಕೆ, ಯಾವ ದಿನ ಬಂತು ಅನ್ನೋದನ್ನ.